ಪಾಲಿಸಿಯಲ್ಲಿ ಯಾವ ಬ್ಯಾಂಕಿನ ಹೆಸರಿದೆ? ಒಮ್ಮೆ ತೆಗೆದು ನೋಡಿ

ತಿಪಟೂರು ಕಡೆ ನಮ್ಮದು ತೆಂಗಿನ ತೋಟ. ಉಂಡೆ ಕೊಬ್ಬರಿ ಮಾಡೋಕೆ ಕಾಯಿಯನ್ನು ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡಬೇಕು. ಅದಕ್ಕೆಂದೇ ಸಾಲ ಮಾಡಿ ಕೊಬ್ಬರಿ ಮನೆ ಕಟ್ಟಿದೆ, ಬೆಂಕಿ ವಿಮೆಯನ್ನೂ ಮಾಡಿಸಿದೆ. ಈ ಪಾಲಿಸಿಯಲ್ಲಿ ಬೆಂಕಿಯ ಜೊತೆ ಬಿರುಗಾಳಿಯ ಹಾನಿಯೂ ಸೇರಿರುತ್ತೆ.

ಮೂರನೇ ವರ್ಷ ಬಡ್ಡಿ ಕಡಿಮೆ ಅಂತ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದೆ. ಪಾಲಿಸಿಯನ್ನು ಮಾತ್ರ ಮರೆತೆ. ಮೇ ತಿಂಗಳ ಗಾಳಿಗೆ ಚಾವಣಿಯ ಶೀಟುಗಳು ಹಾರಿಹೋದವು. ಸರ್ವೇಯರ್ ಬಂದು ನೋಡಿ 1,80,000 ರೂಪಾಯಿ ನಷ್ಟ ಅಂತ ಬರೆದರು. ಆದರೆ ಪಾಲಿಸಿಯಲ್ಲಿ ಇದ್ದದ್ದು ಹಳೇ ಬ್ಯಾಂಕಿನ ಹೆಸರು. ಅವರಿಂದ ಬಾಕಿ ಇಲ್ಲ ಅನ್ನೋ ಪತ್ರ, ಹೊಸಬರಿಂದ ಸಾಲದ ಪತ್ರ ತರುವಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಅಟ್ಟದ ಕಾಯಿ ನೆನೆದು ಹಾಳಾಯ್ತು.

ಈ ಷರತ್ತು ಏನು ಮಾಡುತ್ತೆ?

ನಷ್ಟವಾದಾಗ ಹಣ ಯಾರಿಗೆ ಸಂದಾಯವಾಗಬೇಕು ಅಂತ ಪಾಲಿಸಿಯಲ್ಲಿ ಬರೆದಿರುತ್ತಾರಲ್ಲ, ಅವರೇ 'ಲಾಸ್ ಪೇಯೀ'. ನಮ್ಮಲ್ಲಿ ಸಾಲ ಕೊಟ್ಟ ಬ್ಯಾಂಕಿಗಾಗಿ ಇದನ್ನು 'ಅಗ್ರೀಡ್ ಬ್ಯಾಂಕ್ ಕ್ಲಾಸ್' ಅಂತ ಸೇರಿಸ್ತಾರೆ. ಇದು ಇದ್ದರೆ ವಿಮಾ ಕಂಪನಿ ಹಣವನ್ನು ಬ್ಯಾಂಕಿಗೆ ಕೊಡುತ್ತೆ. ಬ್ಯಾಂಕ್ ರಸೀದಿ ಕೊಟ್ಟರೆ ಕಂಪನಿಯ ಹೊಣೆ ಮುಗಿಯಿತು. ಆ ಹಣವನ್ನು ಬ್ಯಾಂಕ್ ಸಾಲಕ್ಕೆ ಜಮಾ ಮಾಡಬಹುದು, ಅಥವಾ ರಿಪೇರಿಗೆ ನಿಮಗೇ ಬಿಡಬಹುದು. ಹಾಗಾಗಿ ಆ ಮಾತನ್ನು ಮೊದಲೇ ಕೇಳಿಕೊಳ್ಳಿ.

ಬ್ಯಾಂಕಿಗೆ ಬರೆಯುವ ಪತ್ರ

ಬಾಯಿಮಾತು ಸಾಕಾಗಲ್ಲ. ನಾನು ಆಮೇಲೆ ಕೊಟ್ಟ ಪತ್ರ ಹೀಗಿತ್ತು:

"ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ಕೊಬ್ಬರಿ ಮನೆಯ ವಿಮಾ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸುವ ಬಗ್ಗೆ.
ಮಾನ್ಯರೇ, ನನ್ನ ಸಾಲದ ಖಾತೆ ಸಂಖ್ಯೆ ____. ಸರ್ವೆ ನಂಬರ್ ____ರಲ್ಲಿರುವ ಕಟ್ಟಡ ತಮ್ಮಲ್ಲಿ ಅಡಮಾನವಾಗಿದೆ. ಅದರ ಪಾಲಿಸಿ ಸಂಖ್ಯೆ ____, ಅವಧಿ ____. ಪಾಲಿಸಿಯಲ್ಲಿ ಬರೆಯಬೇಕಾದ ಬ್ಯಾಂಕಿನ ಪೂರ್ಣ ಹೆಸರು ಮತ್ತು ಶಾಖೆಯ ವಿಳಾಸ, ತಮ್ಮ ಹಕ್ಕು ಕಟ್ಟಡಕ್ಕೆ ಮಾತ್ರವೋ ದಾಸ್ತಾನಿಗೂ ಇದೆಯೋ, ನಷ್ಟದ ಹಣವನ್ನು ರಿಪೇರಿಗೆ ಬಿಡುವ ನಿಯಮವೇನು ಎಂಬುದನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ದಾಸ್ತಾನಿನ ಪ್ರಶ್ನೆ ಬಿಡಬೇಡಿ. ಸಾಲ ಕಟ್ಟಡದ ಮೇಲೆ ಮಾತ್ರ ಇದ್ದರೆ, ಬ್ಯಾಂಕಿನ ಹೆಸರು ಕಟ್ಟಡದ ಸಾಲಿನ ಎದುರು ಮಾತ್ರ ಬರಲಿ. ಆಗ ಕೊಬ್ಬರಿಯ ನಷ್ಟದ ಹಣ ನಿಮಗೇ ಬರುತ್ತೆ.

ಆಮೇಲಿನ ಕೆಲಸ

ಬ್ಯಾಂಕಿನ ಉತ್ತರ, ಹಳೇ ಬ್ಯಾಂಕಿನ ಬಾಕಿ ಇಲ್ಲ ಪತ್ರ, ನಿಮ್ಮ ಅರ್ಜಿ, ಈ ಮೂರನ್ನೂ ವಿಮಾ ಕಂಪನಿಗೆ ಕೊಡಿ. ಅವರು 'ಎಂಡಾರ್ಸ್‌ಮೆಂಟ್' ಅನ್ನೋ ತಿದ್ದುಪಡಿ ಪತ್ರ ಕೊಡ್ತಾರೆ. ಅದು ಕೈಗೆ ಬರುವವರೆಗೆ ಕೆಲಸ ಆಯ್ತು ಅಂದ್ಕೋಬೇಡಿ. ಏಜೆಂಟರು "ಸೇರಿಸಿದೀವಿ ಬಿಡಿ" ಅಂದರೂ, ಶೆಡ್ಯೂಲ್ ಪುಟದಲ್ಲಿ ಬ್ಯಾಂಕ್, ಶಾಖೆ, ಸರ್ವೆ ನಂಬರ್ ಮೂರೂ ಸರಿಯಿದೆಯಾ ನೋಡಿ. ಬ್ಯಾಂಕಿಗೂ ಒಂದು ಪ್ರತಿ ಕೊಡಿ.

ಇನ್ನೊಂದು ತಪ್ಪು ಹಲವರು ಮಾಡ್ತಾರೆ: ಸಾಲದ ಮೊತ್ತಕ್ಕಷ್ಟೇ ವಿಮೆ. ಕಟ್ಟಡ ಮತ್ತೆ ಕಟ್ಟೋಕೆ 12 ಲಕ್ಷ ಬೇಕು, ವಿಮೆ ಇರೋದು 8 ಲಕ್ಷಕ್ಕೆ ಅಂದ್ಕೊಳ್ಳಿ. ಅಂದರೆ ಮೂರರಲ್ಲಿ ಎರಡು ಪಾಲು. ಆಗ 1,80,000 ನಷ್ಟಕ್ಕೆ ಸರಾಸರಿ ಲೆಕ್ಕದಲ್ಲಿ 1,20,000 ಮಾತ್ರ ಬರುತ್ತೆ. ಬ್ಯಾಂಕಿನ ಹೆಸರು ಎಷ್ಟೇ ಸರಿಯಿದ್ದರೂ ಇದು ತಪ್ಪಲ್ಲ.

ಬೇರೆಯವರ ಜಾಗದಲ್ಲಿ ಗುತ್ತಿಗೆಗೆ ಶೆಡ್ ಹಾಕಿದ್ದರೆ, ಜಾಗದ ಮಾಲೀಕರಿಗೂ ಇಂಥದ್ದೇ ಪತ್ರ ಬರೆಯಿರಿ. ಕಟ್ಟಡ ಯಾರದು, ಹೆಸರು ಯಾವುದಕ್ಕೆ ಸೇರಬೇಕು ಅನ್ನೋದು ಗುತ್ತಿಗೆ ಪತ್ರಕ್ಕೆ ಹೊಂದಲಿ.

ಸಾಲ ತೀರಿದ ದಿನವೂ ಪಾಲಿಸಿ ತೆಗೆಯಿರಿ. ಬಾಕಿ ಇಲ್ಲ ಪತ್ರ ಕೊಟ್ಟು ಬ್ಯಾಂಕಿನ ಹೆಸರು ತೆಗೆಸಿ, ಹೊಸ ಎಂಡಾರ್ಸ್‌ಮೆಂಟ್ ಪಡೆಯಿರಿ. ನಾನು ಈಗ ಪ್ರತಿ ನವೀಕರಣಕ್ಕೂ ಮೊದಲು ನೋಡೋದು ಕಂತಿನ ಮೊತ್ತ ಅಲ್ಲ, ಆ ಹೆಸರಿನ ಸಾಲು.