ಕರಪತ್ರದಲ್ಲಿ ಮುಖ್ಯ ವಿಷಯ ಮೊದಲು ಕಾಣಲಿ

ಅಡಿಕೆ ಕೊಯ್ಲಿಗೆ ಮುನ್ನ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ವರ್ತಕರೊಬ್ಬರು ಸುತ್ತಲಿನ ಬೆಳೆಗಾರರಿಗೆ ಅಂಚೆಯ ಮೂಲಕ 1,000 ಕರಪತ್ರಗಳನ್ನು ಕಳುಹಿಸುತ್ತಾರೆಂದು ಭಾವಿಸೋಣ. ಮುದ್ರಣ ಮತ್ತು ಅಂಚೆ ಸೇರಿ ಪ್ರತಿಯೊಂದಕ್ಕೆ 5 ರೂ. ಆದರೆ ಒಟ್ಟು ವೆಚ್ಚ 5,000 ರೂ. ರಿಯಾಯಿತಿ ಕಳೆದು ಒಂದು ಟಾರ್ಪಾಲಿನಲ್ಲಿ ಉಳಿಯುವ ಲಾಭ 250 ರೂ. ಇದ್ದರೆ, ಹೆಚ್ಚುವರಿಯಾಗಿ 20 ಟಾರ್ಪಾಲುಗಳು ಮಾರಾಟವಾದಾಗ ಮಾತ್ರ ಈ ವೆಚ್ಚ ಮರಳಿ ಬರುತ್ತದೆ.

ಈಗ ಕರಪತ್ರವನ್ನು ನೋಡೋಣ. ಸುತ್ತಲೂ ಹೂಬಳ್ಳಿಯ ಅಂಚು. ಮೇಲೆ ನೆರಳು ಬಿಟ್ಟ ಅಲಂಕಾರಿಕ ಅಕ್ಷರಗಳಲ್ಲಿ ಅಂಗಡಿಯ ಹೆಸರು. ನಂತರ ಹಬ್ಬದ ಶುಭಾಶಯ, 'ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ' ಎಂಬ ಘೋಷಣೆ ಮತ್ತು ಸರಕುಗಳ ಪಟ್ಟಿ. ಕಟ್ಟಕಡೆಗೆ ಸಣ್ಣ ಅಕ್ಷರಗಳಲ್ಲಿ 'ಟಾರ್ಪಾಲುಗಳ ಮೇಲೆ ಶೇ. 15 ರಿಯಾಯಿತಿ'. ಹಣ ವ್ಯಯಿಸಿದ್ದು ಈ ಒಂದು ಸಾಲಿಗಾಗಿ. ಆದರೆ ಓದುಗನ ಕಣ್ಣು ಅಲ್ಲಿಗೆ ತಲುಪುವುದೇ ಇಲ್ಲ.

ಮೊದಲು ಮಾತನ್ನು ಸರಿಪಡಿಸಬೇಕು. ಶೇಕಡಾವಾರು ಲೆಕ್ಕವನ್ನು ಗ್ರಾಹಕನಿಗೆ ಬಿಡದೆ 'ಅಡಿಕೆ ಒಣಗಿಸುವ ಟಾರ್ಪಾಲು: 2,000 ರೂ. ಬದಲು 1,700 ರೂ., ತೆರಿಗೆ ಸೇರಿ' ಎಂದು ಬರೆಯಬೇಕು. ಅದರ ಕೆಳಗೆ 'ನವೆಂಬರ್ 30ರವರೆಗೆ ಮಾತ್ರ. ಈ ಚೀಟಿಯನ್ನು ತನ್ನಿ' ಎಂದಿರಲಿ. ಬಳಿಕ ಅಂಗಡಿಯ ಹೆಸರು, ವಿಳಾಸ, ದೂರವಾಣಿ. ಘೋಷಣೆಯನ್ನೂ ಸರಕುಗಳ ಪಟ್ಟಿಯನ್ನೂ ಕೈಬಿಡಬಹುದು. ಶುಭಾಶಯಕ್ಕೆ ಕೊನೆಯ ಸಾಲು ಸಾಕು.

ನಂತರ ಅಕ್ಷರಗಳ ಗಾತ್ರ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಿಂದ ಒತ್ತು ಕೊಡಬಹುದು. ಕನ್ನಡದಲ್ಲಿ ಆ ಸೌಲಭ್ಯವಿಲ್ಲ. ಗಾತ್ರ, ದಪ್ಪ ಮತ್ತು ಖಾಲಿ ಜಾಗ, ಇವು ಮೂರೇ ನಮ್ಮ ಮುಖ್ಯ ಸಾಧನಗಳು. ಬೆಲೆಯ ಸಾಲು 36 ಪಾಯಿಂಟ್, ಗಡುವು ಮತ್ತು ಅಂಗಡಿಯ ಹೆಸರು 18, ಉಳಿದುದು 11 ಎಂದು ಮೂರೇ ಹಂತಗಳಿರಲಿ. ಎಲ್ಲವನ್ನೂ ದಪ್ಪಗೊಳಿಸಿದರೆ ಯಾವುದೂ ಎದ್ದು ಕಾಣದು. ನೆರಳಿನ ಅಕ್ಷರಗಳಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಕಲೆತುಹೋಗುವುದರಿಂದ ಸಾದಾ ಅಕ್ಷರವಿನ್ಯಾಸವೇ ಲೇಸು. ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಅಂತರವನ್ನೂ ಬಿಡಬೇಕು.

ಮುದ್ರಣಕ್ಕೆ ಮುನ್ನ ಕರಡು ಪ್ರತಿಯನ್ನು ಅದನ್ನು ಎಂದೂ ನೋಡದ ಒಬ್ಬರಿಗೆ ಕೈಯಳತೆಯ ದೂರದಲ್ಲಿ ಐದು ಸೆಕೆಂಡು ತೋರಿಸಿ ಮರೆಮಾಡಿರಿ. ಯಾವ ಸರಕು, ಎಷ್ಟು ಬೆಲೆ, ಎಂದಿನವರೆಗೆ ಎಂದು ಕೇಳಿರಿ. ಅವರು ಅಂಗಡಿಯ ಹೆಸರನ್ನಷ್ಟೇ ಹೇಳಿದರೆ ಕರಡನ್ನು ಮತ್ತೆ ತಿದ್ದಬೇಕು.

ಹಳೆಯ ಮಾದರಿಯಲ್ಲಿ 500, ಹೊಸ ಮಾದರಿಯಲ್ಲಿ 500 ಮುದ್ರಿಸಿ, ಎರಡರಲ್ಲೂ ಚೀಟಿ ತರಲು ಕೋರಿ, ಮೂಲೆಯಲ್ಲಿ ಬೇರೆ ಬೇರೆ ಗುರುತು ಹಾಕಿದರೆ ಮರಳಿ ಬಂದ ಚೀಟಿಗಳಿಂದಲೇ ವ್ಯತ್ಯಾಸ ತಿಳಿಯುತ್ತದೆ. ಪ್ರತಿ ಗ್ರಾಮಕ್ಕೂ ಎರಡೂ ಮಾದರಿಗಳು ಸಮನಾಗಿ ಹೋಗಬೇಕು. ಹೊಸ ಮಾದರಿಗೂ ಚೀಟಿಗಳು ಬಾರದಿದ್ದರೆ ಕೊರತೆ ವಿನ್ಯಾಸದಲ್ಲಿಲ್ಲದೆ ಬೆಲೆಯಲ್ಲೋ ಕಳುಹಿಸಿದ ಸಮಯದಲ್ಲೋ ಇರಬಹುದು. ಅದನ್ನು ಅಕ್ಷರದ ಗಾತ್ರ ಸರಿಪಡಿಸಲಾರದು.