ತಟ್ಟೆ ಕಟಕಟ ಅಂದರೆ ಮೊದಲು ಗಾಲಿ ನೋಡಿ

ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗುತ್ತಿಲ್ಲ ಎಂದು ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ರೋಗದ ಹೆಸರನ್ನೂ ತಾವೇ ಹೇಳುತ್ತಾರೆ: ಮೋಟರ್ ಹೋಗಿದೆ. ಮೋಟರ್ ಹೋಗುವುದೂ ಉಂಟು. ಆದರೆ ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ಮೂರು ಪುಟ್ಟ ಗಾಲಿಗಳು, ಆಮೇಲೆ ತಟ್ಟೆ ಕೂತಿರುವ ರೀತಿ, ಆಮೇಲೆ ಕಪ್ಲರ್. ಈ ಮೂರಕ್ಕೂ ಸ್ಕ್ರೂಡ್ರೈವರ್ ಬೇಡ, ಓವನ್ನಿನ ಬಾಗಿಲು ತೆರೆದರೆ ಸಾಕು.

1. ಭಾರ ಹೊರುವುದು ಗಾಲಿ, ಮೋಟರ್ ಬರೀ ತಿರುಗಿಸುತ್ತದೆ

ಗಾಜಿನ ತಟ್ಟೆಯನ್ನು ಎತ್ತಿದರೆ ಅಡಿಯಲ್ಲಿ ಮೂರು ಗಾಲಿಗಳಿರುವ ಪ್ಲಾಸ್ಟಿಕ್ ಬಳೆ ಸಿಗುತ್ತದೆ. ಅದೇ ರೋಲರ್ ರಿಂಗ್. ಅದರ ನಟ್ಟನಡುವೆ ಮೂರು ಕೈಗಳ ಚಿಕ್ಕ ಪ್ಲಾಸ್ಟಿಕ್ ತುಂಡು ಕಪ್ಲರ್. ನೆಲದ ಕೆಳಗೆ ಮರೆಯಾಗಿರುವ ಮೋಟರಿನ ದಂಡ ಈ ಕಪ್ಲರಿನ ತೂತಿಗೆ ಕೂತಿರುತ್ತದೆ. ತಟ್ಟೆಯ ಬೆನ್ನಲ್ಲಿರುವ ಉಬ್ಬುಗಳ ನಡುವೆ ಕಪ್ಲರಿನ ಕೈಗಳು ಸಿಕ್ಕಿಕೊಳ್ಳುತ್ತವೆ.

ತಟ್ಟೆ, ಪಾತ್ರೆ, ಅದರೊಳಗಿನ ಹುಳಿ ಎಲ್ಲದರ ತೂಕ ಗಾಲಿಗಳ ಮೇಲಿರುತ್ತದೆ. ಮೋಟರ್ ನಾಲ್ಕೈದು ವ್ಯಾಟಿನ ಸಣ್ಣ ಜೀವ. ಗಾಲಿ ಸಲೀಸಾಗಿ ಉರುಳುವಾಗ ಅಷ್ಟು ಶಕ್ತಿ ಧಾರಾಳವಾಯಿತು. ಗಾಲಿ ಜಿಡ್ಡುಗಟ್ಟಿ ನಿಂತರೆ ತಟ್ಟೆ ಉರುಳುವ ಬದಲು ಉಜ್ಜಿಕೊಂಡು ಹೋಗಬೇಕಾಗುತ್ತದೆ. ಆ ಎಳೆತವೆಲ್ಲ ಬೀಳುವುದು ನಡುವಿನ ಪ್ಲಾಸ್ಟಿಕ್ ಕಪ್ಲರಿನ ಮೇಲೆ. ಆದ್ದರಿಂದ ಸವೆದ ಕಪ್ಲರ್ ಕಂಡಾಗಲೆಲ್ಲ ನಾನು ಗಾಲಿಗಳನ್ನು ತಿರುಗಿಸಿ ನೋಡುತ್ತೇನೆ. ಗಾಲಿ ತೊಳೆಯದೆ ಹೊಸ ಕಪ್ಲರ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

2. ಸೆಕೆಂಡು ಎಣಿಸುತ್ತ ಸದ್ದು ಕೇಳಿ

ಒಂದು ಲೋಟ ನೀರನ್ನು ತಟ್ಟೆಯ ಮೇಲಿಟ್ಟು ಎರಡು ನಿಮಿಷ ಓಡಿಸಿ. ಓವನ್ನನ್ನು ಖಾಲಿ ಓಡಿಸಬಾರದು, ತಟ್ಟೆಯಿಲ್ಲದೆಯೂ ಓಡಿಸಬಾರದು. ತಟ್ಟೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಂಡರೆ ಒಂದು ಸುತ್ತಿಗೆ ಎಷ್ಟು ಹೊತ್ತು ಎಂದು ತಿಳಿಯುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಲವು ಮೋಟರುಗಳು ನಿಮಿಷಕ್ಕೆ 5 ಸುತ್ತು ಹೊಡೆಯುತ್ತವೆ, ಅಂದರೆ ಸುತ್ತಿಗೆ 12 ಸೆಕೆಂಡು. ಇನ್ನು ಕೆಲವು ಎರಡೂವರೆ ಸುತ್ತಿನವು. ಅಂಥದರಲ್ಲಿ ಮುಂದಿನ ಲೆಕ್ಕಗಳನ್ನೆಲ್ಲ ದುಪ್ಪಟ್ಟು ಮಾಡಿಕೊಳ್ಳಿ.

ಗಾಜಿನ ಮೂಲಕ ರಿಂಗನ್ನೂ ಗಮನಿಸಿ. ಅದು ತಟ್ಟೆಯ ಅರ್ಧ ವೇಗದಲ್ಲಿ ಸುತ್ತುತ್ತದೆ, ಯಾಕೆಂದರೆ ತಟ್ಟೆ ಗಾಲಿಗಳ ನೆತ್ತಿಯ ಮೇಲೆ ಉರುಳುತ್ತದೆ. ತಟ್ಟೆ ಎರಡು ಸುತ್ತು ಮುಗಿಸುವಷ್ಟರಲ್ಲಿ ರಿಂಗ್ ಒಂದು ಸುತ್ತು ಮುಗಿಸಬೇಕು. ರಿಂಗ್ ನಿಂತಲ್ಲೇ ನಿಂತಿದ್ದರೆ ಅಥವಾ ತಟ್ಟೆಯ ಜೊತೆಜೊತೆಗೇ ಹೋಗುತ್ತಿದ್ದರೆ ಗಾಲಿ ಉರುಳುತ್ತಿಲ್ಲ, ಜಾರುತ್ತಿದೆ ಎಂದರ್ಥ.

ಈಗ ಸದ್ದಿನ ಅಂತರ. 12 ಸೆಕೆಂಡಿನ ತಟ್ಟೆಯಲ್ಲಿ ರಿಂಗಿನ ಸುತ್ತು 24 ಸೆಕೆಂಡು, ಗಾಲಿ ಮೂರು. ನೆಲದಲ್ಲಿ ಒಂದು ಕಡೆ ಏನಾದರೂ ಅಂಟಿದ್ದರೆ ಪ್ರತಿ 8 ಸೆಕೆಂಡಿಗೆ ಒಂದು ಗಾಲಿ ಅದನ್ನು ಹತ್ತಿ ಇಳಿಯುತ್ತದೆ, ಮತ್ತು ಸದ್ದು ಯಾವಾಗಲೂ ಓವನ್ನಿನ ಅದೇ ಮೂಲೆಯಿಂದ ಬರುತ್ತದೆ. ಕೊಳೆ ತಟ್ಟೆಯ ಬೆನ್ನಿಗೆ ಅಂಟಿದ್ದರೂ ಅಂತರ 8 ಸೆಕೆಂಡೇ, ಆದರೆ ಸದ್ದಿನ ಜಾಗ ಬದಲಾಗುತ್ತ ಹೋಗುತ್ತದೆ. ಒಂದೆರಡು ಸೆಕೆಂಡಿಗೊಮ್ಮೆ ಬಿಡದೆ ಕುಟ್ಟಿದರೆ ಯಾವುದೋ ಗಾಲಿಯ ಮೈ ಚಪ್ಪಟೆಯಾಗಿದೆ ಇಲ್ಲವೇ ಅದಕ್ಕೇ ಏನೋ ಅಂಟಿದೆ. ತಟ್ಟೆ ನಿಂತೇ ಇದ್ದು 4 ಸೆಕೆಂಡಿಗೊಮ್ಮೆ ಟಕ್ ಎಂದು ಎದ್ದು ಕೂತರೆ, ಕಪ್ಲರಿನ ಕೈಗಳು ತಟ್ಟೆಯ ಉಬ್ಬುಗಳನ್ನು ಹಾರಿಕೊಂಡು ಹೋಗುತ್ತಿವೆ.

ಹಿರಿಯ ಗೃಹಿಣಿಯೊಬ್ಬರು 20 ಲೀಟರಿನ ಓವನ್ ತಂದಿದ್ದರು. "ಮೋಟರ್ ಹಾಕಿಸ್ಬೇಕು ಅಂದಾರಪ್ಪ, ಎಷ್ಟಾಗುತ್ತೆ ನೋಡು" ಅಂದರು. ಒಂದು ಲೋಟ ನೀರಿಟ್ಟಾಗ ತಟ್ಟೆ ತಿರುಗಿತು, ಬಲಗಡೆ ಹಿಂದಿನ ಮೂಲೆಯಲ್ಲಿ ಎಂಟೆಂಟು ಸೆಕೆಂಡಿಗೆ ಕುಲುಕಿತು. ದೊಡ್ಡ ಗಾಜಿನ ಬಟ್ಟಲು ತುಂಬ ನೀರಿಟ್ಟೆ. ಆ ಮೂಲೆಗೆ ಬಂದದ್ದೇ ನಿಂತು ಟಕ್ ಟಕ್ ಶುರುವಾಯಿತು. "ಅಮ್ಮಾ, ಮೋಟರ್ ಚೆನ್ನಾಗಿದೆ. ಒಳಗೆ ಪಾಯಸ ಏನಾದರೂ ಉಕ್ಕಿತ್ತಾ?" ಅಂತ ಕೇಳಿದೆ. "ಹಬ್ಬದ ದಿನ ಶಾವಿಗೆ ಪಾಯಸ ಉಕ್ಕಿತ್ತು, ಆವತ್ತೇ ಒರೆಸಿದ್ನಲ್ಲ" ಅಂದರು. ಒರೆಸಿದ್ದು ನಿಜ. ಕಣ್ಣಿಗೆ ಕಾಣುವ ನೆಲವೆಲ್ಲ ಫಳಫಳ ಅನ್ನುತ್ತಿತ್ತು. ಗಾಲಿ ಓಡುವ ದಾರಿಯ ಮೇಲೆ ಬೆರಳಾಡಿಸಿದಾಗ ಮಾತ್ರ ಗಾಜಿನಂತೆ ಗಟ್ಟಿಯಾದ ಸಕ್ಕರೆಯ ಹನಿ ಸಿಕ್ಕಿತು.

3. ಗಾಲಿಯ ಕೊಳೆ ಇರುವುದು ಅಚ್ಚಿನಲ್ಲಿ

ರಿಂಗನ್ನು ನಲ್ಲಿಯ ಕೆಳಗೆ ಹಿಡಿದು ತೆಗೆದರೆ ಪ್ರಯೋಜನವಿಲ್ಲ. ಗಾಲಿಯನ್ನು ನಿಲ್ಲಿಸುವ ಕೊಳೆ ಅದರ ಮೈ ಮೇಲಿಲ್ಲ, ಅದು ಸುತ್ತುವ ಕಡ್ಡಿಯ ಸುತ್ತ ಇದೆ. ಒಣಗಿದ ಹಾಲು, ಒಗ್ಗರಣೆಯ ಎಣ್ಣೆ, ಒರೆಸುವ ಬಟ್ಟೆಯ ನೂಲು, ತಲೆಗೂದಲು ಎಲ್ಲ ಸೇರಿ ಅಲ್ಲಿ ಮೇಣದ ಹಾಗೆ ಕೂತಿರುತ್ತದೆ. ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಹಾಕಿ ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿ. ನೂಲು ಸುತ್ತಿದ್ದರೆ ಸೂಜಿಯಿಂದ ಬಿಡಿಸಿ. ಬೆರಳಿನಿಂದ ತಳ್ಳಿದರೆ ಪ್ರತಿ ಗಾಲಿಯೂ ತಾನಾಗಿ ಒಂದೆರಡು ಸುತ್ತು ಹೋಗಬೇಕು.

ಸದ್ದು ಬರುತ್ತದೆಂದು ಗಾಲಿಗೆ ಎಣ್ಣೆ ಬಿಡುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಈ ಗಾಲಿಗಳು ಒಣಗಿದ್ದಾಗಲೇ ಸರಿಯಾಗಿ ಉರುಳುವುದು. ಎಣ್ಣೆ ಬಿದ್ದರೆ ನೆಲ ಜಾರುತ್ತದೆ, ಬಿಸಿಗೆ ಅದು ಅಂಟಾಗುತ್ತದೆ, ಚೂರುಪಾರು ತಿಂಡಿಯೆಲ್ಲ ಅದಕ್ಕೆ ಹಿಡಿಯುತ್ತದೆ.

ನೆಲದ ಸಕ್ಕರೆಯನ್ನು ಚಾಕುವಿನಿಂದ ಕೆರೆಯಬೇಡಿ. ಬಣ್ಣ ಎದ್ದರೆ ಅಲ್ಲಿ ತುಕ್ಕು ಹಿಡಿಯುತ್ತದೆ, ಕಿಡಿ ಹಾರುವ ಸಂಭವವೂ ಇದೆ. ಪ್ಲಗ್ ತೆಗೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಇಟ್ಟರೆ ತಾನೇ ಕರಗುತ್ತದೆ. ನಡುವಿನ ದಂಡದ ಸುತ್ತ ನೀರು ಸುರಿಯಬಾರದು. ಅದು ನೇರ ಮೋಟರಿಗೆ ಇಳಿಯುತ್ತದೆ.

ಗಾಲಿ ಒಡೆದಿದ್ದರೆ ಅಥವಾ ಚಪ್ಪಟೆಯಾಗಿದ್ದರೆ ರಿಂಗೇ ಬದಲಾಗಬೇಕು. ಅಳತೆ ತಪ್ಪುವುದು ಇಲ್ಲೇ. ಮೂರು ಗಾಲಿಗಳಾದ್ದರಿಂದ ಒಂದರ ಎದುರಿಗೆ ಇನ್ನೊಂದು ಇರುವುದಿಲ್ಲ, ಟೇಪನ್ನು ಅಡ್ಡ ಹಿಡಿದರೆ ಅಳತೆ ಕಡಿಮೆ ಬರುತ್ತದೆ. ರಿಂಗಿನ ನಡುವಿನಿಂದ ಗಾಲಿಯ ಹೊರಮೈವರೆಗೆ ಅಳೆದು ಅದನ್ನು ಎರಡರಿಂದ ಗುಣಿಸಿ. ಗಾಲಿಯ ಎತ್ತರವನ್ನೂ ಬರೆದುಕೊಳ್ಳಿ.

4. ತಟ್ಟೆ ಇಟ್ಟರಾಗದು, ಕೂರಿಸಬೇಕು

ಮೊದಲು ರಿಂಗ್ ತನ್ನ ವೃತ್ತದ ದಾರಿಯಲ್ಲಿ ಸರಿಯಾಗಿ ಕೂರಬೇಕು. ಆಮೇಲೆ ತಟ್ಟೆಯನ್ನು ಮೆಲ್ಲಗಿಟ್ಟು ಆಚೀಚೆ ಸ್ವಲ್ಪ ಆಡಿಸಿ. ಕಪ್ಲರಿನ ಕೈಗಳು ಉಬ್ಬುಗಳ ನಡುವೆ ಬಿದ್ದಾಗ ತಟ್ಟೆ ಒಂದು ಚೂರು ಕೆಳಗಿಳಿದದ್ದು ಕೈಗೆ ಗೊತ್ತಾಗುತ್ತದೆ. ಬಳಿಕ ಅಂಚಿನಲ್ಲಿ ಮೂರು ನಾಲ್ಕು ಕಡೆ ಬೆರಳಿನಿಂದ ಒತ್ತಿ ನೋಡಿ. ಎಲ್ಲೂ ಅಲ್ಲಾಡಬಾರದು. ಅಲ್ಲಾಡಿದರೆ ತಟ್ಟೆ ಗಾಲಿಯ ಮೇಲಿಲ್ಲ, ಕಪ್ಲರಿನ ತಲೆಯ ಮೇಲೆ ಕೂತಿದೆ. ಕೂತ ತಟ್ಟೆಯನ್ನು ಕೈಯಿಂದ ಜೋರಾಗಿ ತಿರುಗಿಸಲು ಹೋಗಬೇಡಿ. ಮೋಟರಿನೊಳಗಿನ ಹಲ್ಲುಗಾಲಿಗಳು ಆ ಬಲ ತಡೆಯುವುದಿಲ್ಲ.

5. ಕಪ್ಲರ್ ಎರಡು ಕಡೆ ಸವೆಯುತ್ತದೆ

ಮೇಲಿನ ಕೈಗಳ ಮೂಲೆ ಉರುಟಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಕೆಳಗಿನ ತೂತಿನ ಸವೆತ ಕಾಣುವುದಿಲ್ಲ. ಮೋಟರ್ ದಂಡದ ಒಂದು ಪಕ್ಕ ಚಪ್ಪಟೆ, ಕಪ್ಲರಿನ ತೂತೂ ಅದೇ ಆಕಾರದ್ದು. ಆ ಚಪ್ಪಟೆ ಬದಿ ಸವೆದು ತೂತು ದುಂಡಗಾದರೆ ದಂಡ ತಿರುಗುತ್ತದೆ, ಕಪ್ಲರ್ ನಿಂತಿರುತ್ತದೆ.

ಎರಡನ್ನೂ ಬೇರೆ ಮಾಡಲು ಕಪ್ಲರಿನ ಒಂದು ಕೈಗೆ ಮಾರ್ಕರ್ ಚುಕ್ಕೆ ಇಟ್ಟು, ತಟ್ಟೆ ಕೂರಿಸಿ, ನೀರಿನ ಲೋಟವಿಟ್ಟು ಓಡಿಸಿ. ಗಾಜಿನ ಮೂಲಕ ಚುಕ್ಕೆ ಕಾಣುತ್ತದೆ. ಚುಕ್ಕೆ ಸುತ್ತುತ್ತಿದ್ದು ತಟ್ಟೆ ನಿಂತಿದ್ದರೆ ಕೈಗಳು ಸವೆದಿವೆ. ಚುಕ್ಕೆಯೂ ನಿಂತಿದ್ದರೆ ಪ್ಲಗ್ ಕಿತ್ತು, ಕಪ್ಲರನ್ನು ಎರಡು ಬೆರಳಲ್ಲಿ ಹಿಡಿದು ಹಗುರಾಗಿ ತಿರುಚಿ. ಸರಿಯಾದದ್ದು ಬಿಗಿಯಾಗಿ ತಡೆಯುತ್ತದೆ, ತೂತು ಸವೆದದ್ದು ಸುಮ್ಮನೆ ಸುತ್ತುತ್ತದೆ.

ಆ ತಾಯಿಯ ಓವನ್ನಿನಲ್ಲಿ ತೂತು ಚೆನ್ನಾಗಿತ್ತು, ಮೂರರಲ್ಲಿ ಎರಡು ಕೈಗಳು ಉರುಟಾಗಿದ್ದವು. ಒಂದು ಗಾಲಿಯ ಅಚ್ಚಿನಲ್ಲಿ ಹಾಲು ಒಣಗಿ ಅದು ಸುತ್ತುವುದನ್ನೇ ಬಿಟ್ಟಿತ್ತು. ಆ ಎಳೆತದಲ್ಲಿ ಕಪ್ಲರ್ ಮೊದಲೇ ಸೋತಿತ್ತು, ಸಕ್ಕರೆಯ ಹನಿ ಕೊನೆಯ ಏಟು ಕೊಟ್ಟಿತು. ಗಾಲಿ ತೊಳೆದು, ನೆಲ ಒರೆಸಿ, ಹೊಸ ಕಪ್ಲರ್ ಹಾಕಿ ಅದೇ ಬಟ್ಟಲು ತುಂಬ ನೀರಿಟ್ಟೆ. ಸದ್ದಿಲ್ಲದೆ ಸುತ್ತಿತು.

ಹೊಸ ಕಪ್ಲರ್ ತರುವಾಗ ಹಳೆಯದನ್ನು ಜೊತೆಗೊಯ್ದು ಪಕ್ಕದಲ್ಲಿಟ್ಟು ಎತ್ತರ ನೋಡಿ. ಎತ್ತರ ಹೆಚ್ಚಾದರೆ ತಟ್ಟೆ ಗಾಲಿಯಿಂದ ಮೇಲೇಳುತ್ತದೆ, ಕಡಿಮೆಯಾದರೆ ಕೈಗಳು ಉಬ್ಬಿಗೆ ಸಿಗುವುದಿಲ್ಲ. ತೂತಿಗೆ ಅಂಟು ಹಾಕಿ ದಂಡಕ್ಕೆ ಕೂರಿಸುವ ಉಪಾಯ ಬೇಡ. ಅಂಟು ಬಿಟ್ಟಾಗ ಸವೆತ ಹಾಗೇ ಇರುತ್ತದೆ, ಬಿಡದಿದ್ದರೆ ಮುಂದೆ ಕಪ್ಲರ್ ತೆಗೆಯಲು ಮೋಟರನ್ನೇ ಕಳಚಬೇಕಾಗುತ್ತದೆ.

6. ದಿಕ್ಕು ಬದಲಾದರೆ ಕೆಟ್ಟಿದೆ ಎಂದಲ್ಲ

ನಿನ್ನೆ ಎಡಕ್ಕೆ ತಿರುಗಿತ್ತು, ಇವತ್ತು ಬಲಕ್ಕೆ ತಿರುಗುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ಈ ಜಾತಿಯ ಸಿಂಕ್ರೋನಸ್ ಮೋಟರ್ ಯಾವ ಕಡೆಗಾದರೂ ಶುರುವಾಗುತ್ತದೆ. ಅಡ್ಡಿ ಸಿಕ್ಕರೆ ಹಿಂದಕ್ಕೆ ತಿರುಗುತ್ತದೆ. ಅರ್ಧ ಸುತ್ತು ಹೋಗಿ ವಾಪಸು, ಮತ್ತೆ ಅರ್ಧ ಸುತ್ತು, ಹೀಗೆ ತೂಗಾಡುತ್ತಿದ್ದರೆ ಪಾತ್ರೆಯ ಹಿಡಿಯೋ ಚೌಕ ಡಬ್ಬಿಯ ಮೂಲೆಯೋ ಗೋಡೆಗೆ ತಾಗುತ್ತಿದೆ.

7. ಎಲ್ಲಿ ಕೈ ತೆಗೆಯಬೇಕು

ಗಾಲಿ, ತಟ್ಟೆ, ಕಪ್ಲರ್ ಮೂರೂ ಸರಿಯಿದ್ದು ಚುಕ್ಕೆ ಅಲುಗದಿದ್ದರೆ ಮೋಟರ್ ಅಥವಾ ಅದಕ್ಕೆ ಬರುವ ಕರೆಂಟಿನ ದೋಷ. ಕೆಲವು ಮಾದರಿಗಳಲ್ಲಿ ತಟ್ಟೆ ನಿಲ್ಲಿಸುವ ಗುಂಡಿ ಇರುತ್ತದೆ, ಅದು ಒತ್ತಿಹೋಗಿಲ್ಲವೇ ನೋಡಿ. ಅದೂ ಅಲ್ಲವೆಂದರೆ ಓವನ್ನಿನ ಹೊರಕವಚವನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ 2000 ವೋಲ್ಟಿಗೂ ಮೀರಿದ ವಿದ್ಯುತ್ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ.

ಮೋಟರ್ ಹಾಕುವವರಿಗೆ ಹಳೆಯದರ ಮೇಲಿನ ಅಕ್ಷರಗಳನ್ನು ಓದಲು ಹೇಳಿ. ಕೆಲವು 21 ವೋಲ್ಟಿನವು, ಕೆಲವು 30, ಕೆಲವು ನೇರ 220ರಿಂದ 240. ನೋಡಲು ಎಲ್ಲವೂ ಒಂದೇ. 21ರ ಜಾಗಕ್ಕೆ 240ರದ್ದು ಹಾಕಿದರೆ ತಿರುಗುವುದಿಲ್ಲ, 240ರ ಜಾಗಕ್ಕೆ 21ರದ್ದು ಹಾಕಿದರೆ ಸುಟ್ಟುಹೋಗುತ್ತದೆ. ದಂಡದ ಉದ್ದವೂ ಸುತ್ತಿನ ವೇಗವೂ ಹೊಂದಬೇಕು.

ಬಿಡಿಭಾಗ ಬರುವವರೆಗೆ ಓವನ್ ಬಳಸಲೇಬೇಕಾದರೆ, ಒಳಗೆ ಬಿಸಿ ಬೀಳುವ ಜಾಗಗಳು ಸುಮಾರು 6 ಸೆಂಟಿಮೀಟರಿಗೊಂದರಂತೆ ಇರುತ್ತವೆ, ನಡುವೆ ತಣ್ಣಗಿನ ಜಾಗಗಳು ಉಳಿಯುತ್ತವೆ ಎಂಬುದು ನೆನಪಿರಲಿ. ಹೇಳಿದ ಹೊತ್ತನ್ನು ಎರಡು ಮೂರು ಭಾಗ ಮಾಡಿ, ಪ್ರತಿ ಸಲ ನಿಲ್ಲಿಸಿ, ಅನ್ನ ಸಾರನ್ನು ಕಲಕಿ, ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿಡಿ. ಮಗುವಿನ ಹಾಲನ್ನು ಮಾತ್ರ ಅಂಥ ಓವನ್ನಿನಲ್ಲಿ ಇಡಬೇಡಿ, ಗ್ಯಾಸ್ ಒಲೆಯ ಮೇಲೇ ಕಾಯಿಸಿ.