ಸಂಬಳದ ಪಟ್ಟಿಯಲ್ಲಿ ಎರಡನೇ ಹೆಸರು

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವರಿಗೆಲ್ಲ ಗೊತ್ತು, ಸಾಲದ ಪ್ರಸ್ತಾವದಲ್ಲಿ ಅತಿ ಸುಲಭವಾಗಿ ಬರೆದು ಮುಗಿಸುವ ಭಾಗ ಅಂದರೆ ಕಂಪನಿಯ ಆಡಳಿತದ ಬಗೆಗಿನ ಪ್ಯಾರಾ. 'ಪ್ರವರ್ತಕರು ಈ ಉದ್ಯಮದಲ್ಲಿ ದೀರ್ಘ ಅನುಭವ ಉಳ್ಳವರು, ವೃತ್ತಿಪರರ ತಂಡ ನೆರವಾಗುತ್ತಿದೆ' ಎಂದು ಹಳೇ ಫೈಲಿನಿಂದ ಎತ್ತಿ ಬರೆದರೆ ಮೇಲಿನವರೂ ಸಹಿ ಹಾಕುತ್ತಾರೆ. ಆದರೆ ಬೆಳಗ್ಗೆ ಎಂಟಕ್ಕೆ ಕಾರ್ಖಾನೆಯಲ್ಲಿ ಯಾರ ಮಾತು ನಡೆಯುತ್ತದೆ, ಆ ಮನುಷ್ಯ ನಾಳೆ ಬಿಟ್ಟು ಹೋದರೆ ನಮ್ಮ ಸಾಲದ ಗತಿಯೇನು ಎಂಬುದಕ್ಕೆ ಆ ಪ್ಯಾರಾದಲ್ಲಿ ಉತ್ತರ ಇರುವುದಿಲ್ಲ. ಆ ಉತ್ತರವನ್ನು ನಾನು ಹುಡುಕಲು ಕಲಿತದ್ದು ವಾರ್ಷಿಕ ವರದಿಯ ಸಂಬಳದ ಪುಟಗಳಲ್ಲಿ.

ಮೊದಲು ಕಾನೂನಿನ ಪಟ್ಟಿಯ ವಿಚಾರ. 2013ರ ಕಂಪನಿ ಕಾಯ್ದೆಯ 203ನೇ ಕಲಮಿನ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯಲ್ಲೂ 'ಪ್ರಮುಖ ಆಡಳಿತ ಸಿಬ್ಬಂದಿ' ಇರಲೇಬೇಕು. ಎಂ.ಡಿ. ಅಥವಾ ಸಿಇಒ, ಅವರಿಲ್ಲದಿದ್ದರೆ ಪೂರ್ಣಾವಧಿ ನಿರ್ದೇಶಕ. ಜೊತೆಗೆ ಕಂಪನಿ ಸೆಕ್ರೆಟರಿ ಮತ್ತು ಸಿಎಫ್‌ಒ. ನಾವು ಬ್ಯಾಂಕಿನವರು ಇವರನ್ನು ಕೆಎಂಪಿ ಎಂದೇ ಕರೆಯುತ್ತೇವೆ. ಇದು ಹುದ್ದೆಗಳ ಪಟ್ಟಿಯೇ ಹೊರತು ಅಧಿಕಾರದ ಪಟ್ಟಿಯಲ್ಲ. ಕಂಪನಿ ಸೆಕ್ರೆಟರಿ ಇದರಲ್ಲಿ ಸದಾ ಇರುತ್ತಾರೆ, ಕಾರ್ಖಾನೆ ನಡೆಸುವವರು ಅನೇಕ ಸಲ ಇರುವುದಿಲ್ಲ. ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಇನ್ನೊಂದು ಪಟ್ಟಿ ಬರುತ್ತದೆ. ಅದು ಇಂಡ್ ಎಎಸ್ 24 ಎಂಬ ಲೆಕ್ಕಮಾನದ ಪ್ರಕಾರ ತಯಾರಾದದ್ದು. ಯೋಜನೆ, ನಿರ್ದೇಶನ, ನಿಯಂತ್ರಣದ ಹೊಣೆ ಹೊತ್ತವರೆಲ್ಲ ಅದರಲ್ಲಿ ಬರಬೇಕು ಎನ್ನುವುದು ಆಶಯ. ಆದರೆ ವರ್ಷಕ್ಕೆ ನಾಲ್ಕಾರು ಸಭೆಗೆ ಬಂದು ಹೋಗುವ ಸ್ವತಂತ್ರ ನಿರ್ದೇಶಕರೂ ಅದರಲ್ಲೇ ಸೇರುತ್ತಾರೆ. ಹಾಗಾಗಿ ಎರಡೂ ಪಟ್ಟಿಗಳು ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ.

ನನಗೆ ಇದು ಸ್ಪಷ್ಟವಾದದ್ದು ವಾಹನ ಬಿಡಿಭಾಗ ತಯಾರಿಸುವ ಒಂದು ಕುಟುಂಬದ ಕಂಪನಿಯ ಕಡತದಲ್ಲಿ. ಷೇರುಪೇಟೆಯಲ್ಲಿದ್ದ ಕಂಪನಿ, ಸಾಲಗಾರರ ಗುಟ್ಟು ಬ್ಯಾಂಕಿನವನ ಬಾಯಲ್ಲಿ ಬರಬಾರದು, ಆದ್ದರಿಂದ ಹೆಸರು ಬೇಡ, ಅಂಕಿಗಳನ್ನೂ ಉರುಟಾಗಿಯೇ ಹೇಳುತ್ತೇನೆ. ಲಾಭ ಸುಮಾರು 50 ಕೋಟಿ. ಸ್ಥಾಪಕರು ಅಧ್ಯಕ್ಷರು, ಆದರೆ ಕಾರ್ಯನಿರ್ವಾಹಕರಲ್ಲ. ಅವರ ಮಗ ಎಂ.ಡಿ. 'ಪೂರ್ಣಾವಧಿ ನಿರ್ದೇಶಕ (ವರ್ಕ್ಸ್)' ಎಂದು ಇನ್ನೊಬ್ಬರು. ಓದಿದ ಯಾರಿಗಾದರೂ ಅನಿಸುವುದು ಇಷ್ಟೇ: ಮಗ ಕಂಪನಿ ನಡೆಸುತ್ತಾನೆ, ವರ್ಕ್ಸ್ ನಿರ್ದೇಶಕರು ಕಾರ್ಖಾನೆ ನೋಡಿಕೊಳ್ಳುತ್ತಾರೆ, ಅಪ್ಪ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ.

ಸಂಬಳದ ಪುಟ ಬೇರೆಯೇ ಕಥೆ ಹೇಳಿತು. ಎಂ.ಡಿ.ಯವರ ಒಟ್ಟು ಸಂಭಾವನೆ 4 ಕೋಟಿ. ಅದರಲ್ಲಿ ಸಂಬಳ 1 ಕೋಟಿ, ಉಳಿದ 3 ಕೋಟಿ ಲಾಭದ ಮೇಲಿನ ಕಮಿಷನ್. ಕಮಿಷನ್ ದೊಡ್ಡದಿದ್ದಾಗ ಅದು ದುಡಿಮೆಯ ಬೆಲೆಗಿಂತ ಮಾಲೀಕತ್ವದ ಪಾಲಿನಂತೆ ಕಾಣುತ್ತದೆ. ಅಷ್ಟರಿಂದಲೇ ಅವರು ಕೆಲಸ ಮಾಡುವುದಿಲ್ಲ ಎಂದು ತೀರ್ಮಾನಿಸುವಂತಿಲ್ಲ, ಆದರೆ ಒಟ್ಟು ಮೊತ್ತ ನೋಡಿ ಅವರೇ ಎಲ್ಲವನ್ನೂ ನಡೆಸುತ್ತಾರೆ ಎನ್ನುವಂತೆಯೂ ಇಲ್ಲ. ವರ್ಕ್ಸ್ ನಿರ್ದೇಶಕರಿಗೆ 38 ಲಕ್ಷ. ನಾಲ್ಕು ಘಟಕಗಳ ಹೊಣೆ ಹೊತ್ತವರಿಗೆ ಇಷ್ಟು ಕಡಿಮೆಯೇ ಎಂದು ನಾನು ನಿಂತು ಯೋಚಿಸಿದ್ದು ಇಲ್ಲೇ. ಕಾರಣ ಕಂಪನಿ ಕಾಯ್ದೆಯಲ್ಲಲ್ಲ, 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. ಆ ಕಾಯ್ದೆ ಪ್ರಕಾರ ಕಂಪನಿಯ ಕಾರ್ಖಾನೆಗೆ ನಿರ್ದೇಶಕರೊಬ್ಬರೇ 'ಆಕ್ಯುಪೈಯರ್' ಆಗಬೇಕಿತ್ತು. ಅಪಘಾತ ಆದರೆ, ಸುರಕ್ಷತೆಯ ನಿಯಮ ಮುರಿದರೆ ಮೊಕದ್ದಮೆ ಅವರ ಹೆಸರಿಗೆ ಬರುತ್ತಿತ್ತು. ಪ್ರವರ್ತಕರ ಮನೆಯವರು ಆ ಜಾಗಕ್ಕೆ ಹೋಗಲು ಹಿಂಜರಿದಾಗ ನಂಬಿಕಸ್ಥ ಹಳೆಯ ನೌಕರರೊಬ್ಬರನ್ನು ಮಂಡಳಿಗೆ ತಂದು ಕೂರಿಸುವುದುಂಟು. ಮಂಡಳಿಯ ಕುರ್ಚಿ, ಮ್ಯಾನೇಜರ್ ಮಟ್ಟದ ಸಂಬಳ ಎರಡೂ ಒಟ್ಟಿಗೆ ಕಂಡರೆ ಈ ಸಾಧ್ಯತೆ ಮನಸ್ಸಿಗೆ ಬರಲಿ.

ಹಾಗಾದರೆ ಘಟಕಗಳನ್ನು ನಡೆಸುವವರು ಯಾರು? ಇದಕ್ಕೆ ಬೇಕಾದ ಪುಟ ಅಚ್ಚಾದ ವಾರ್ಷಿಕ ವರದಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. 2014ರ ಸಂಭಾವನೆ ನಿಯಮಗಳ 5(2)ನೇ ನಿಯಮದಂತೆ, ಅತಿ ಹೆಚ್ಚು ಸಂಬಳ ಪಡೆಯುವ ಹತ್ತು ನೌಕರರ ಹೆಸರು ಮತ್ತು ವರ್ಷಕ್ಕೆ 1 ಕೋಟಿ 2 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಪಡೆಯುವ ಎಲ್ಲರ ಹೆಸರು ಮಂಡಳಿಯ ವರದಿಯ ಭಾಗವಾಗಿರಬೇಕು. ಹುದ್ದೆ, ವಯಸ್ಸು, ಓದು, ಸೇರಿದ ದಿನಾಂಕ, ಹಿಂದಿನ ಕೆಲಸ, ಕೈಯಲ್ಲಿರುವ ಷೇರಿನ ಪ್ರಮಾಣ, ಯಾವುದಾದರೂ ನಿರ್ದೇಶಕರ ಸಂಬಂಧಿಯೇ ಎಂಬುದು, ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಷೇರುದಾರರಿಗೆ ಕಳಿಸುವ ಪ್ರತಿಯಲ್ಲಿ ಅದನ್ನು ಬಿಟ್ಟು, 'ಬೇಕಾದವರು ಕಂಪನಿ ಸೆಕ್ರೆಟರಿಗೆ ಬರೆಯಬಹುದು' ಎಂಬ ಒಂದು ವಾಕ್ಯ ಹಾಕುವುದೇ ರೂಢಿ. ಆ ವಾಕ್ಯವನ್ನು ಓದುವವರು ಅಪರೂಪ, ಓದಿ ಬರೆಯುವವರು ಇನ್ನೂ ಅಪರೂಪ. ನಾವು ಸಾಲ ಕೊಡುವವರಾದ್ದರಿಂದ ಸಿಎಫ್‌ಒ ಅವರನ್ನೇ ಕೇಳಿ ತರಿಸಿಕೊಂಡೆವು.

ಪಟ್ಟಿಯ ಮೊದಲ ಹೆಸರು ಎಂ.ಡಿ.ಯವರದು. ಎರಡನೆಯದು 'ಪ್ರೆಸಿಡೆಂಟ್ (ಆಪರೇಷನ್ಸ್)', ಸಂಬಳ 1.6 ಕೋಟಿ, ವಯಸ್ಸು 61, ಸೇರಿದ್ದು 1998ರಲ್ಲಿ. ಸಿಎಫ್‌ಒ ಐದನೆಯವರು, 62 ಲಕ್ಷ. ಈ ಪ್ರೆಸಿಡೆಂಟ್ ನಿರ್ದೇಶಕರಲ್ಲ, ಕೆಎಂಪಿ ಅಲ್ಲ, ವಾರ್ಷಿಕ ವರದಿಯ ಮುಂದಿನ ಪುಟಗಳ ಫೋಟೋಗಳಲ್ಲೂ ಇರಲಿಲ್ಲ. ಸಿಎಫ್‌ಒಗಿಂತ ಎರಡೂವರೆ ಪಟ್ಟು ಸಂಬಳ, ಎಲ್ಲ ಸಂಬಳವೂ ನಿಗದಿತ ವೇತನ, ಮೇಲಾಗಿ ನಿವೃತ್ತಿಯ ವಯಸ್ಸು ದಾಟಿದ ಮೇಲೂ ಮುಂದುವರಿದ ಸೇವೆ. ಕುಟುಂಬದವರಲ್ಲದ ಒಬ್ಬರನ್ನು ಇಷ್ಟು ಕೊಟ್ಟು ಇಷ್ಟು ಕಾಲ ಇರಿಸಿಕೊಂಡರೆ ಅವರಿಲ್ಲದೆ ಕೆಲಸ ನಡೆಯುವುದಿಲ್ಲ ಎಂದೇ ಅರ್ಥ. ಘಟಕದ ತಪಾಸಣೆಗೆ ಹೋದಾಗ ಇದು ಖಾತ್ರಿಯಾಯಿತು. ಕಚ್ಚಾಮಾಲಿನ ಆರ್ಡರ್ ಯಾಕೆ ತಡವಾಗಿದೆ ಎಂದು ಕೇಳಿದ್ದಕ್ಕೆ ಖರೀದಿ ವಿಭಾಗದವರು, "ಪ್ರೆಸಿಡೆಂಟ್ ಸಾಹೇಬರು ಊರಲ್ಲಿಲ್ಲ ಸಾರ್, ಸೋಮವಾರ ಬರ್ತಾರೆ" ಎಂದರು. ಎಂ.ಡಿ.ಯವರು ಅಂದು ಮೇಲಿನ ಮಹಡಿಯಲ್ಲೇ ಇದ್ದರು.

ಇನ್ನು ಕಾರ್ಯನಿರ್ವಾಹಕರಲ್ಲದ ಅಧ್ಯಕ್ಷರ ವಿಚಾರ. ಎಂ.ಡಿ. ಇರುವ ಕಂಪನಿಯಲ್ಲಿ ಇಂಥ ನಿರ್ದೇಶಕರೆಲ್ಲರಿಗೂ ಸೇರಿ ಕಮಿಷನ್ ನಿವ್ವಳ ಲಾಭದ ಶೇ. 1 ಮೀರಬೇಕಾದರೆ ವಿಶೇಷ ನಿರ್ಣಯ ಬೇಕು. ಇಲ್ಲಿ ಆ ಶೇ. 1 ಎಂದರೆ 50 ಲಕ್ಷ, ಅದರಲ್ಲಿ 40 ಲಕ್ಷ ಒಬ್ಬ ಅಧ್ಯಕ್ಷರಿಗೇ ಹೋಗಿತ್ತು. ಹೀಗೆ ಒಬ್ಬರ ಪಾಲು ಎಲ್ಲರ ಒಟ್ಟು ಮೊತ್ತದ ಅರ್ಧ ದಾಟಿದರೆ ಸೆಬಿ ನಿಯಮದ ಪ್ರಕಾರ ಪ್ರತಿ ವರ್ಷ ಷೇರುದಾರರ ವಿಶೇಷ ನಿರ್ಣಯ ಪಡೆಯಬೇಕು. ನಿರ್ಣಯ ಕೇಳಬೇಕಾದರೆ ಕಾರಣ ಹೇಳಬೇಕಲ್ಲ! ಸಭೆಯ ನೋಟಿಸಿನ ಕೊನೆಯಲ್ಲಿ ಬರುವ ವಿವರಣೆಯಲ್ಲಿ, ಅಧ್ಯಕ್ಷರು ದೊಡ್ಡ ಗ್ರಾಹಕರೊಂದಿಗೆ ದರ ಮಾತಾಡುತ್ತಾರೆ, ಹೊಸ ಯಂತ್ರಗಳ ಖರೀದಿಯನ್ನು ಪರಿಶೀಲಿಸುತ್ತಾರೆ ಎಂದು ಹೆಮ್ಮೆಯಿಂದ ಬರೆದಿದ್ದರು. ವಾರ್ಷಿಕ ವರದಿ ಬಚ್ಚಿಟ್ಟದ್ದನ್ನು ಆ ನೋಟಿಸೇ ಹೇಳಿಬಿಟ್ಟಿತ್ತು. ಹಣದ ದೊಡ್ಡ ನಿರ್ಧಾರ ಅಪ್ಪನದು, ದಿನದ ಕೆಲಸ ಪ್ರೆಸಿಡೆಂಟರದು, ಮಗನದು ಸದ್ಯಕ್ಕೆ ಪದವಿ.

ನಾನು ನನ್ನ ಟಿಪ್ಪಣಿಯಲ್ಲಿ ಹಾಗೆಯೇ ಬರೆದೆ, ಪ್ರೆಸಿಡೆಂಟರ ನಂತರ ಯಾರು ಎಂಬ ಪ್ರಶ್ನೆಯನ್ನೂ ಸೇರಿಸಿದೆ. ಮುಂದಿನ ವರ್ಷದ ಹತ್ತರ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೊಸ ಹೆಸರು ಬಂತು, ಬೇರೆ ಕಂಪನಿಯಿಂದ ತಂದ ಸಿಒಒ. ಹಳೆಯ ಪ್ರೆಸಿಡೆಂಟ್ ಮೂರನೆಯವರಾದರು. ಆಮೇಲೆ ಅವರು ನಿವೃತ್ತರಾದಾಗ ಯಾರೂ ಗಾಬರಿಯಾಗಲಿಲ್ಲ. ಒಂದು ವರ್ಷದ ಪಟ್ಟಿಗಿಂತ ಮೂರು ವರ್ಷದ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ಓದುವುದು ಇದಕ್ಕೇ.

ಮೊತ್ತವನ್ನೇ ನಂಬಿದರೆ ದಾರಿ ತಪ್ಪುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನ ಇನ್ಫೋಸಿಸ್ ಒಳ್ಳೆಯ ಉದಾಹರಣೆ. ಸಲೀಲ್ ಪರೇಖ್ ಅವರ ಸಂಭಾವನೆ 2021-22ರಲ್ಲಿ 71.02 ಕೋಟಿ, ಮರುವರ್ಷ 56.44 ಕೋಟಿ. ಸಿಇಒ ಅಧಿಕಾರಕ್ಕೆ ಕತ್ತರಿ ಬಿತ್ತೇ? ಇಲ್ಲ. ಮೊದಲ ವರ್ಷದ ಮೊತ್ತದಲ್ಲಿ 52 ಕೋಟಿಗೂ ಹೆಚ್ಚು ಹಿಂದೆ ಕೊಟ್ಟ ಷೇರುಗಳನ್ನು ಆ ವರ್ಷ ಪಡೆದುಕೊಂಡದ್ದರ ಬೆಲೆ. ಮರುವರ್ಷ ಆ ಭಾಗ ಇಳಿಯಿತು. ಇಂಥ ಷೇರುಗಳ ಬೆಲೆ ಸಂಭಾವನೆಯ ಕೋಷ್ಟಕದಲ್ಲಿ ಪಡೆದುಕೊಂಡ ವರ್ಷ ಬರುತ್ತದೆ. ಲೆಕ್ಕಪತ್ರದ ಖರ್ಚಿನಲ್ಲಾದರೋ ಅವು ನೌಕರರ ಹಕ್ಕಾಗುವ ಅವಧಿಗೆ ಹಂಚಿಕೆಯಾಗಿರುತ್ತವೆ. ಹಾಗಾಗಿ ಒಂದೇ ವರದಿಯಲ್ಲಿ ಒಬ್ಬರಿಗೇ ಎರಡು ಬೇರೆ ಅಂಕಿ ಕಂಡರೆ ಯಾವುದೋ ಮೋಸ ಎಂದುಕೊಳ್ಳಬೇಡಿ. ಅಲ್ಲೇ ಅಧ್ಯಕ್ಷರಾದ ನಂದನ್ ನಿಲೇಕಣಿ ಸಂಭಾವನೆ ತೆಗೆದುಕೊಳ್ಳುವುದಿಲ್ಲ. ರಿಲಯನ್ಸ್‌ನಲ್ಲಿ ಮುಕೇಶ್ ಅಂಬಾನಿ 2020-21ರಿಂದ ಸಂಬಳ ಬಿಟ್ಟರು. ಅವರ ಕೆಳಗಿನ ಕಾರ್ಯನಿರ್ವಾಹಕ ನಿರ್ದೇಶಕರಾದ ನಿಖಿಲ್ ಮತ್ತು ಹಿತಲ್ ಮೇಸ್ವಾನಿ 2023-24ರಲ್ಲಿ ತಲಾ ಸುಮಾರು 25 ಕೋಟಿ ಪಡೆದರು. ರಿಲಯನ್ಸ್ ಯಾರ ಮಾತಿನಂತೆ ನಡೆಯುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ. ಮಾಲೀಕರ ವಿಷಯದಲ್ಲಿ ಸಂಬಳ ಸುಳಿವೇ ಅಲ್ಲ, ಅವರ ಆದಾಯ ಡಿವಿಡೆಂಡಿನಲ್ಲಿದೆ. ಮಾಲೀಕರಲ್ಲದವರ ವಿಷಯದಲ್ಲಿ ಮಾತ್ರ ಅದು ಮಾತಾಡುತ್ತದೆ.

ವಿದೇಶಿ ಕಂಪನಿಗಳ ಭಾರತೀಯ ಘಟಕಗಳಲ್ಲಿ ಈ ಓದು ಅರ್ಧಕ್ಕೇ ನಿಲ್ಲುತ್ತದೆ. ಎಂ.ಡಿ.ಯ ಸಂಬಳದ ಒಂದು ಭಾಗವನ್ನು ಮೂಲ ಕಂಪನಿಯೇ ಕೊಡಬಹುದು. ಅವರಿಗೆ ಆದೇಶ ಕೊಡುವವರು ಬೇರೆ ದೇಶದಲ್ಲಿದ್ದು ಇಲ್ಲಿನ ಯಾವ ಪಟ್ಟಿಯಲ್ಲೂ ಬರದಿರಬಹುದು. ಹತ್ತರ ಪಟ್ಟಿ ಆ ಒಂದು ಕಂಪನಿಯ ನೌಕರರದ್ದು, ಅಂಗಸಂಸ್ಥೆಯಲ್ಲಿ ಸಂಬಳ ಪಡೆಯುವವರು ಅದರ ಹೊರಗೆ.

2023ರಿಂದ ಸೆಬಿ ಎರಡು ಅನುಕೂಲ ಮಾಡಿದೆ. ಮಂಡಳಿಯ ಹೊರಗಿರುವ ಹಿರಿಯ ಅಧಿಕಾರಿಗಳ ಹೆಸರು ಮತ್ತು ಬದಲಾವಣೆಗಳು ಈಗ ಕಾರ್ಪೊರೇಟ್ ಆಡಳಿತ ವರದಿಯಲ್ಲಿ ಬರಬೇಕು, ಅಂಥವರು ಬಿಟ್ಟು ಹೋದರೆ ಷೇರುಪೇಟೆಗೆ ತಿಳಿಸಬೇಕು. ಇನ್ನೊಂದು, ಎಂ.ಡಿ. ಅಥವಾ ಸಿಇಒ ಯಾವುದೇ 90 ದಿನಗಳಲ್ಲಿ 45 ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಲಭ್ಯರಿಲ್ಲದಿದ್ದರೆ ಕಾರಣ ಸಮೇತ ಪ್ರಕಟಿಸಬೇಕು. ಹೆಸರುಗಳು ಇಲ್ಲಿ ಸಿಗುತ್ತವೆ, ಸಂಬಳ ಮಾತ್ರ ಸಿಗುವುದಿಲ್ಲ. ತೂಕ ತಿಳಿಯಲು ಹತ್ತರ ಪಟ್ಟಿಯೇ ಬೇಕು.

ನಿವೃತ್ತನಾದ ಮೇಲೆ ನಾನೂ ಸಣ್ಣ ಷೇರುದಾರ. ವಾರ್ಷಿಕ ವರದಿ ಕೈಗೆ ಬಂದ ಕೂಡಲೇ ಕಂಪನಿ ಸೆಕ್ರೆಟರಿಯ ಇಮೇಲಿಗೆ ನಾಲ್ಕು ಸಾಲು ಬರೆಯುತ್ತೇನೆ: ಹೆಸರು, ಡಿಮ್ಯಾಟ್ ಖಾತೆಯ ಸಂಖ್ಯೆ, 197(12)ನೇ ಕಲಮು ಮತ್ತು 5(2), 5(3)ನೇ ನಿಯಮದಡಿಯ ನೌಕರರ ವಿವರಪಟ್ಟಿ ಕಳಿಸಿ ಎಂಬ ಕೋರಿಕೆ. ಕೆಲವರು ತಕ್ಷಣ ಕಳಿಸುತ್ತಾರೆ, ಕೆಲವರಿಗೆ ಇನ್ನೊಮ್ಮೆ ನೆನಪಿಸಬೇಕಾಗುತ್ತದೆ. ನಿಮ್ಮ ಹತ್ತಿರ ಒಂದೇ ಷೇರಿದ್ದರೂ ಈ ಹಕ್ಕು ನಿಮಗಿದೆ. ವಾರ್ಷಿಕ ಸಭೆಗೆ ಮುಂಚೆಯೇ ಬರೆಯಿರಿ. ಎರಡನೇ ಹೆಸರಿನ ಬಗ್ಗೆ ಪ್ರಶ್ನೆ ಕೇಳುವ ಅವಕಾಶ ಆ ಸಭೆಯಲ್ಲಿ ಇರುತ್ತದೆ.